ಹಳೇ ಕ್ಲೈಂಟ್‌ಗೆ ಹೆಚ್ಚುವರಿ ಬ್ಯಾಕಪ್ ಸೇವೆ ಬಗ್ಗೆ ಹೇಳಬೇಕು, ಒತ್ತಡ ಹಾಕಿದ ಹಾಗೆ ಆಗಬಾರದು. ಹೇಗೆ?

ಬೆಳಗಿನಪಾಳಿ

ಎಲ್ಲರಿಗೂ ನಮಸ್ಕಾರ. ಒಂದು ತರಬೇತಿ ಸಂಸ್ಥೆಯ ವರ್ಡ್‌ಪ್ರೆಸ್ ವೆಬ್‌ಸೈಟನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ತಿಂಗಳಿಗೆ 3 ಗಂಟೆ ಕೆಲಸದ ಒಪ್ಪಂದ. ಪ್ಲಗಿನ್ ಅಪ್‌ಡೇಟ್, ಸಣ್ಣಪುಟ್ಟ ತಿದ್ದುಪಡಿ, ದಿನಾ ಒಂದು ಬ್ಯಾಕಪ್ ಇದರಲ್ಲೇ ಬರುತ್ತದೆ. ಬ್ಯಾಕಪ್ 7 ದಿನ ಉಳಿಯುತ್ತದೆ, ಆಮೇಲೆ ಹಳೆಯದು ತಾನಾಗಿ ಅಳಿಯುತ್ತದೆ. ಎಲ್ಲವೂ ವೆಬ್‌ಸೈಟ್ ಇರುವ ಹೋಸ್ಟಿಂಗ್ ಖಾತೆಯಲ್ಲೇ ಇದೆ.

ಹೋದ ತಿಂಗಳು ಅವರ ಕಚೇರಿಯಲ್ಲಿ ಯಾರೋ ಪಠ್ಯಕ್ರಮದ ಪಿಡಿಎಫ್ ಅಳಿಸಿಬಿಟ್ಟರು. ಗೊತ್ತಾಗಿದ್ದು 9ನೇ ದಿನ. ಅಷ್ಟರಲ್ಲಿ ಆ ಫೈಲ್ ಇದ್ದ ಬ್ಯಾಕಪ್ ಹೋಗಿತ್ತು. ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಸಿಕ್ಕಿತು, ಅಲ್ಲಿಗೆ ಮುಗಿಯಿತು.

ಈಗ ನಾನು ಒಂದು ಹೊಸ ಸೇವೆ ಶುರು ಮಾಡಿದ್ದೇನೆ: ಬ್ಯಾಕಪ್ 30 ದಿನ ಉಳಿಯುತ್ತದೆ, ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ ಇರುತ್ತದೆ, 3 ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಸೈಟ್ ನಿಜವಾಗಿ ಮರಳಿ ಬರುತ್ತದೆಯೇ ಅಂತ ಪರೀಕ್ಷೆ ಮಾಡುತ್ತೇನೆ. ಇವರಿಗೆ ಇದು ಬೇಕು ಅಂತ ನನಗೆ ಮನಸಾರೆ ಅನಿಸುತ್ತದೆ. ಆದರೆ ಬರೆದ ಕರಡು ನನಗೇ ಹಿಡಿಸುತ್ತಿಲ್ಲ. ನೋಡಿ:

"ನಿಮ್ಮ ವೆಬ್‌ಸೈಟ್ ಈಗ ದೊಡ್ಡ ಅಪಾಯದಲ್ಲಿದೆ. ಹೋಸ್ಟಿಂಗ್ ಕೈಕೊಟ್ಟರೆ ಎಲ್ಲವನ್ನೂ ಕಳೆದುಕೊಳ್ಳುತ್ತೀರಿ. ನಮ್ಮ ಹೆಚ್ಚಿನ ಕ್ಲೈಂಟ್‌ಗಳು ಈಗಾಗಲೇ ಪ್ರೀಮಿಯಂ ಯೋಜನೆಗೆ ಬದಲಾಗಿದ್ದಾರೆ. ಈ ತಿಂಗಳೊಳಗೆ ಒಪ್ಪಿದರೆ ಮೊದಲ 2 ತಿಂಗಳು ಅರ್ಧ ದರ."

ಇದನ್ನು ಕಳಿಸಿದರೆ ಅವರು ಒಪ್ಪಲೂಬಹುದು. ಆದರೆ ಹೆದರಿ ಒಪ್ಪುವುದು ಬೇಡ. ಏನು ಬದಲಿಸಲಿ?

ಮಾರುಕಟ್ಟೆಮಿತ್ರ

ಕರಡಿನಲ್ಲಿ ಒಂದೇ ಆಯ್ಕೆ ಇದೆ, ಅದೇ ತೊಂದರೆ. ಒಂದೇ ಇದ್ದರೆ ಜನ "ಬೇಕಾ ಬೇಡ್ವಾ" ಅಂತ ಯೋಚಿಸುತ್ತಾರೆ. ಮೂರು ಪ್ಯಾಕೇಜ್ ಇಡಿ. ಚಿಕ್ಕದು, ಮಧ್ಯದ್ದು, ದೊಡ್ಡದು. ಹೆಚ್ಚಿನವರು ಮಧ್ಯದ್ದೇ ತೆಗೆದುಕೊಳ್ಳುತ್ತಾರೆ. ಇದರಲ್ಲಿ ಒತ್ತಡ ಎಲ್ಲಿದೆ? ಆಯ್ಕೆ ಅವರದೇ ತಾನೇ.

ಇನ್ನೊಂದು ಮಾತು. 2 ತಿಂಗಳು ಪೂರ್ತಿ ಉಚಿತ ಕೊಟ್ಟುಬಿಡಿ. ಬೇಡ ಅಂತ ಹೇಳದಿದ್ದರೆ 3ನೇ ತಿಂಗಳಿಂದ ಬಿಲ್ಲಿಗೆ ಸೇರಿಸಿ. ಒಮ್ಮೆ ರೂಢಿಯಾದರೆ ಯಾರೂ ಬಿಡುವುದಿಲ್ಲ.

ಹಳೇಸರ್ವರ್

ಬೆಳಗಿನಪಾಳಿ, ಮೇಲ್ ಬರೆಯುವ ಮೊದಲು ಸೇವೆಯನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಟ್ಟಿದ್ದೀರಿ. ಇವುಗಳಲ್ಲಿ ಯಾವುದಕ್ಕೆ ನಿಜವಾಗಿ ಹೊಸ ಹಣ ಕೇಳಬಹುದು ಅನ್ನುವುದು ಮೊದಲ ಪ್ರಶ್ನೆ.

ಪಿಡಿಎಫ್ ವಿಷಯ ತೆಗೆದುಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಿ ಪುಟ ಅಳಿಸಿದರೆ ಅದು ಕಸದ ಬುಟ್ಟಿಗೆ ಹೋಗಿ 30 ದಿನ ಇರುತ್ತದೆ. ತಿದ್ದಿ ಕೆಡಿಸಿದರೂ ಹಿಂದಿನ ಆವೃತ್ತಿಗಳು ಡೇಟಾಬೇಸಿನಲ್ಲಿ ಸಿಗುತ್ತವೆ. ಮೀಡಿಯಾದಲ್ಲಿರುವ ಫೈಲಿಗೆ ಮಾತ್ರ ಈ ಬುಟ್ಟಿ ಇಲ್ಲ, ಅಳಿಸಿದರೆ ಆ ಕ್ಷಣವೇ ಹೋಯಿತು. ಆದರೆ ಬುಟ್ಟಿ ಬೇಕು ಅಂದರೆ `wp-config.php`ಯಲ್ಲಿ ಒಂದು ಸಾಲು ಸಾಕು:

```
define( 'MEDIA_TRASH', true );
```

ಅಂದರೆ ಹೋದ ತಿಂಗಳ ತೊಂದರೆ ಮತ್ತೆ ಬರದಂತೆ ಮಾಡಲು ಹೊಸ ಯೋಜನೆ ಬೇಕಿಲ್ಲ. ಹತ್ತು ನಿಮಿಷದ ಕೆಲಸ, ನಿಮ್ಮ 3 ಗಂಟೆಯೊಳಗೇ ಬರುತ್ತದೆ. ಆ ಘಟನೆಯನ್ನು ತೋರಿಸಿ ಪ್ರೀಮಿಯಂ ಕೇಳಿದರೆ, ನಾಳೆ ಅವರಿಗೆ ಗೊತ್ತಿರುವ ಯಾರೋ "ಅಯ್ಯೋ, ಇದಕ್ಕೆ ಒಂದು ಸಾಲು ಸಾಕಿತ್ತು" ಅಂತ ಹೇಳಿದ ದಿನ ನಿಮ್ಮ ಎಲ್ಲ ಸಲಹೆಗಳ ಮೇಲೂ ಅನುಮಾನ ಬರುತ್ತದೆ.

ಇನ್ನು 30 ದಿನದ ವಿಷಯ. ಸೈಟ್ ಎಷ್ಟು ದೊಡ್ಡದು, ಹೋಸ್ಟಿಂಗ್‌ನಲ್ಲಿ ಎಷ್ಟು ಜಾಗ ಇದೆ ಹೇಳಿ.

ಬೆಳಗಿನಪಾಳಿ

ಫೈಲ್‌ಗಳು ಸುಮಾರು 4 ಜಿಬಿ, ಡೇಟಾಬೇಸ್ 60 ಎಂಬಿ. ಹೋಸ್ಟಿಂಗ್‌ನಲ್ಲಿ ಒಟ್ಟು 40 ಜಿಬಿ. ದಿನಾ ಪೂರ್ತಿ ಬ್ಯಾಕಪ್ ತೆಗೆಯುವುದರಿಂದ 7 ಪ್ರತಿಗೆ 28 ಜಿಬಿ ಹಿಡಿಯುತ್ತದೆ. 30 ದಿನಕ್ಕೆ 120 ಜಿಬಿ ಬೇಕು. ಅದಕ್ಕೇ ಬೇರೆ ಜಾಗ ಅಂತ ಯೋಚಿಸಿದ್ದು.

ಹಳೇಸರ್ವರ್

ದಿನಾ ಬದಲಾಗುವುದು ಹೆಚ್ಚಾಗಿ ಡೇಟಾಬೇಸ್. 4 ಜಿಬಿ ಫೈಲ್‌ಗಳಲ್ಲಿ ಬಹುಪಾಲು ಹಳೇ ಫೋಟೋ, ಹಳೇ ಪಿಡಿಎಫ್. ಡೇಟಾಬೇಸನ್ನು ದಿನಾ ತೆಗೆದು 30 ದಿನ ಇಟ್ಟರೆ 1.8 ಜಿಬಿ ಆಯಿತು. ಫೈಲ್‌ಗಳನ್ನು ವಾರಕ್ಕೊಮ್ಮೆ ತೆಗೆದು 4 ಪ್ರತಿ ಇಟ್ಟರೆ 16 ಜಿಬಿ. ಒಟ್ಟು 18ರ ಆಸುಪಾಸು. ಈಗ ಹಿಡಿದಿರುವುದಕ್ಕಿಂತ ಕಡಿಮೆ ಜಾಗದಲ್ಲಿ ಸುಮಾರು ಒಂದು ತಿಂಗಳ ಬ್ಯಾಕಪ್ ಸಿಗುತ್ತದೆ.

ಇದರಲ್ಲೂ ಒಂದು ಕೊರತೆ ಇದೆ. ಸೋಮವಾರ ಹಾಕಿದ ಫೈಲ್ ಬುಧವಾರ ಹಾಳಾದರೆ ವಾರದ ಬ್ಯಾಕಪ್‌ನಲ್ಲಿ ಅದು ಇರುವುದಿಲ್ಲ. ಮೀಡಿಯಾ ಬುಟ್ಟಿ ಅದನ್ನು ಬಹುಮಟ್ಟಿಗೆ ತುಂಬುತ್ತದೆ. ಪೂರ್ತಿ ಅಲ್ಲ: ಅದೇ ಹೆಸರಿನಲ್ಲಿ ಬೇರೆ ಫೈಲ್ ಹಾಕಿ ಮೊದಲಿನದು ಅಳಿದುಹೋದರೆ ಬುಟ್ಟಿಗೂ ಬರುವುದಿಲ್ಲ.

ಈಗ ನೋಡಿ, ನಿಮ್ಮ ಸೇವೆಯ ಮೊದಲ ಭಾಗ ಬರೀ ಸೆಟ್ಟಿಂಗ್ ಬದಲಾವಣೆ. ಅದನ್ನು ಸುಮ್ನೆ ಮಾಡಿಕೊಡಿ. ಉಳಿದದ್ದು ಎರಡು. ಬೇರೆ ಜಾಗದಲ್ಲಿ ಪ್ರತಿ ಇಡುವುದು, ಮರಳಿ ತರುವ ಪರೀಕ್ಷೆ ಮಾಡುವುದು. ಇವೆರಡಕ್ಕೂ ನಿಮಗೆ ಖರ್ಚಿದೆ, ಸಮಯ ಹೋಗುತ್ತದೆ. ಇವಕ್ಕೆ ಹಣ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಚಿತ್ರಲಿಪಿ

ನನ್ನದೂ ಇದೇ ಕಥೆ. ಲೋಗೋ, ಪೋಸ್ಟರ್ ಮಾಡಿಕೊಡುವ ಕೆಲಸ ನನ್ನದು. ಒಪ್ಪಂದದಲ್ಲಿ 2 ಸಲ ತಿದ್ದುಪಡಿ ಅಂತಿದೆ, ಕ್ಲೈಂಟ್ ಆರು ಏಳು ಸಲ ತಿದ್ದಿಸುತ್ತಾರೆ. ಹೆಚ್ಚುವರಿ ಅಂತ ಹಣ ಕೇಳಿದರೆ "ಇಷ್ಟಕ್ಕೆಲ್ಲ ಯಾರು ಕೇಳ್ತಾರೆ" ಅನ್ನುತ್ತಾರೆ. ಒತ್ತಡ ಇಲ್ಲದೆ ಇದನ್ನು ಕೇಳುವುದು ಹೇಗೆ?

ಲೆಕ್ಕಪತ್ರ

ಚಿತ್ರಲಿಪಿ, ನಿಮ್ಮದು ಬೇರೆ ವಿಷಯ. ಈಗಾಗಲೇ ಮಾಡಿದ ಕೆಲಸದ ಹಣ ಕೇಳುತ್ತಿದ್ದೀರಿ, ಹೊಸ ಸೇವೆ ಸೂಚಿಸುತ್ತಿಲ್ಲ. 3ನೇ ತಿದ್ದುಪಡಿ ಶುರು ಮಾಡುವ ಮೊದಲೇ "ಇದು ಒಪ್ಪಂದದಾಚೆ, ಇಷ್ಟಾಗುತ್ತದೆ, ಮುಂದುವರಿಸಲಾ?" ಅಂತ ಒಂದು ಸಾಲು ಬರೆಯಿರಿ. ಮಾಡಿ ಮುಗಿಸಿದ ಮೇಲೆ ಕೇಳಿದರೆ ಯಾವಾಗಲೂ ಜಗಳವೇ.

ಚಿತ್ರಲಿಪಿ

ಕೇಳಿದರೆ ಬೇರೆಯವರ ಹತ್ತಿರ ಹೋಗಿಬಿಡುತ್ತಾರೆ ಅನ್ನುವ ಭಯ ಇದೆ ಸರ್. ಸರಿ, ಬೇರೆ ಚರ್ಚೆ ತೆರೆಯುತ್ತೇನೆ.

ಕಚೇರಿಕಿಟಕಿ

ನಾನು ಆ ಕಡೆ ಕೂತವಳು. ಒಂದು ಸಂಸ್ಥೆಯ ಆಡಳಿತ ನೋಡಿಕೊಳ್ಳುತ್ತೇನೆ. ಇಂಥ ಮೇಲ್‌ಗಳು ನನಗೇ ಬರುತ್ತವೆ, ಹಾಗಾಗಿ ನಮಗೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

"ದೊಡ್ಡ ಅಪಾಯದಲ್ಲಿದೆ" ಅಂತ ಓದಿದ ಕೂಡಲೇ ನನ್ನ ಮೊದಲ ಪ್ರಶ್ನೆ: ನಿನ್ನೆಯವರೆಗೆ ಇದನ್ನು ಯಾಕೆ ಹೇಳಲಿಲ್ಲ? ನಾವು ಪ್ರತಿ ತಿಂಗಳು ಹಣ ಕೊಡುತ್ತಿದ್ದೇವೆ. ಒಪ್ಪಂದದಲ್ಲಿ "ದಿನಾ ಬ್ಯಾಕಪ್" ಅಂತಿದೆ. ಅದನ್ನು ಓದಿದ ನಾನು ಏನೇ ಆದರೂ ಸೈಟ್ ವಾಪಸ್ ಬರುತ್ತದೆ ಅಂತಲೇ ತಿಳಿದಿರುತ್ತೇನೆ. ಎಲ್ಲ ಪ್ರತಿಗಳೂ ಒಂದೇ ಕಡೆ ಇವೆ ಅಂತ ನನಗೆ ಹೇಗೆ ಗೊತ್ತಾಗಬೇಕು?

"ಹೆಚ್ಚಿನ ಕ್ಲೈಂಟ್‌ಗಳು ಈಗಾಗಲೇ ಬದಲಾಗಿದ್ದಾರೆ" ಅನ್ನುವುದು ನನಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಅವರ ಸೈಟ್ ಎಂಥದ್ದೋ, ನಮ್ಮದು ಎಂಥದ್ದೋ.

"ಈ ತಿಂಗಳೊಳಗೆ" ಅನ್ನುವುದಂತೂ ನಿಜಕ್ಕೂ ಕಷ್ಟ. ನಾನು ಒಬ್ಬಳೇ ತೀರ್ಮಾನ ಮಾಡುವಂತಿಲ್ಲ. ನಿರ್ದೇಶಕರಿಗೆ ಹೇಳಬೇಕು, ಅವರು ಲೆಕ್ಕ ವಿಭಾಗವನ್ನು ಕೇಳಬೇಕು. ರಿಯಾಯಿತಿ ತಪ್ಪಿಹೋಗುತ್ತದೆ ಅಂತ ನಾನು ಅವರ ಬೆನ್ನು ಹತ್ತಬೇಕಾಗುತ್ತದೆ. ನಿಮ್ಮ ಒತ್ತಡವನ್ನು ನೀವು ಹಾಕದೆ ನನ್ನ ಕೈಲಿ ಹಾಕಿಸಿದ ಹಾಗಾಯಿತು.

ನನಗೆ ಬೇಕಾದದ್ದು ಒಂದು ಪುಟದೊಳಗಿನ ಮೇಲ್. ಅದನ್ನು ಹಾಗೇ ನಿರ್ದೇಶಕರಿಗೆ ಕಳಿಸುವಂತಿರಬೇಕು. ನಾನು ಏನನ್ನೂ ವಿವರಿಸುವ ಹಾಗಿರಬಾರದು. ದಯವಿಟ್ಟು ಫೋನಿನಲ್ಲಿ, ಅದರಲ್ಲೂ ನಿರ್ದೇಶಕರು ಇರುವ ಕರೆಯಲ್ಲಿ ಈ ವಿಷಯ ಎತ್ತಬೇಡಿ. ಅಲ್ಲಿ ಬೇಡ ಅನ್ನುವುದಕ್ಕೂ ಆಗುವುದಿಲ್ಲ, ಹೂಂ ಅನ್ನುವುದಕ್ಕೂ ಆಗುವುದಿಲ್ಲ.

ಮಾರುಕಟ್ಟೆಮಿತ್ರ

ಮೇಡಂ ಹೇಳಿದ್ದು ಒಪ್ಪುತ್ತೇನೆ. ಆದರೆ ಗಡುವು ಇಲ್ಲದಿದ್ದರೆ ಮೇಲ್ ಇನ್‌ಬಾಕ್ಸಿನಲ್ಲಿ ಕೊಳೆಯುತ್ತದೆ. ನಾನು ನೋಡಿದ ಮಟ್ಟಿಗೆ ಜನ ಬೇಡ ಅನ್ನುವುದಿಲ್ಲ, ಮರೆತುಬಿಡುತ್ತಾರೆ. ಹಾಗಾಗಿ ಬೇಡ ಅನ್ನುವವರೆಗೂ ವಾರಕ್ಕೊಮ್ಮೆ ನೆನಪಿಸುವುದರಲ್ಲಿ ತಪ್ಪಿಲ್ಲ. ಮತ್ತೆ, ನನ್ನ ಮೂರು ಪ್ಯಾಕೇಜ್ ಬಗ್ಗೆ ಯಾರೂ ಏನೂ ಹೇಳಲೇ ಇಲ್ಲ.

ಹಳೇಸರ್ವರ್

ಹೇಳುತ್ತೇನೆ. ಚಿಕ್ಕ ಆಯ್ಕೆಯೂ ಇರಲಿ ಅನ್ನುವುದು ಸರಿಯಾದ ಮಾತು. ಬೇರೆ ಜಾಗದ ಪ್ರತಿ ಸಾಕು, ಪರೀಕ್ಷೆ ಬೇಡ ಅನ್ನುವವರು ಇರುತ್ತಾರೆ. ಆದರೆ ಮಧ್ಯದ್ದು ಆಕರ್ಷಕವಾಗಿ ಕಾಣಲಿ ಅಂತಲೇ ದೊಡ್ಡದೊಂದನ್ನು ಕಟ್ಟುವುದು ಬೇರೆ. ಯಾರೂ ಕೊಳ್ಳದ ಪ್ಯಾಕೇಜನ್ನು ಬರೀ ಹೋಲಿಕೆಗೆ ಅಂತ ಇಟ್ಟರೆ, ಆಯ್ಕೆ ಅವರದು ಅನ್ನುವ ಮಾತು ಉಳಿಯುವುದಿಲ್ಲ. ಹೊಸಬರಾದರೆ ನಾಲ್ಕು ಕಡೆ ವಿಚಾರಿಸಿ ಬಂದಿರುತ್ತಾರೆ. ಹಳೇ ಕ್ಲೈಂಟ್ ನಿಮ್ಮ ಮಾತನ್ನು ನಂಬಿ ಬೇರೆ ಕಡೆ ವಿಚಾರಿಸುವುದನ್ನೇ ಬಿಟ್ಟಿರುತ್ತಾರೆ. ಅದಕ್ಕೇ ಅವರ ಮುಂದೆ ಈ ಆಟ ಬೇಡ ಅನ್ನುವುದು.

ಉಚಿತ ತಿಂಗಳು ಕೊಡುವುದಾದರೆ ಅದು ತಾನಾಗಿ ನಿಲ್ಲಬೇಕು. ಅವರು ಮುಂದುವರಿಸಿ ಅಂದರೆ ಮಾತ್ರ ಮುಂದುವರಿಯಬೇಕು. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂತ ಬಿಲ್ಲಿಗೆ ಸೇರಿಸಿದರೆ, ಲೆಕ್ಕ ವಿಭಾಗದವರು ಒಂದು ದಿನ ಆ ಸಾಲನ್ನು ಹಿಡಿದು ಕೇಳುತ್ತಾರೆ. ಆಗ ಕಚೇರಿಕಿಟಕಿ ಅವರಂಥವರು ಉತ್ತರ ಕೊಡಬೇಕಾಗುತ್ತದೆ.

ಬ್ಯಾಕಪ್‌ಗೆ ಉಚಿತ ಪ್ರಯೋಗ ಸರಿಹೊಂದುವುದೂ ಇಲ್ಲ. 2 ತಿಂಗಳಲ್ಲಿ ಏನೂ ಕೆಡದಿದ್ದರೆ ಸೇವೆ ಚೆನ್ನಾಗಿದೆಯೇ ಇಲ್ಲವೇ ಅಂತ ಅವರಿಗೆ ತಿಳಿಯುವುದೇ ಇಲ್ಲ. ಅದರ ಬದಲು ಒಂದೇ ಒಂದು ಸಲ ಮರಳಿ ತರುವ ಪರೀಕ್ಷೆ ಮಾಡಿ, ಏನು ಸಿಕ್ಕಿತು ಅಂತ ಬರೆದುಕೊಡಿ. ಅದು ಕೈಗೆ ಸಿಗುವ ವಿಷಯ.

ಬೆಳಗಿನಪಾಳಿ

ಪರೀಕ್ಷೆಯನ್ನು ಮೊದಲೇ ಮಾಡಿ ಫಲಿತಾಂಶ ತೋರಿಸಬೇಕಾ? ಅದೂ ಒಂದು ರೀತಿಯಲ್ಲಿ ಮುಲಾಜಿಗೆ ಸಿಕ್ಕಿಸಿದ ಹಾಗಲ್ವಾ? "ನಾನು ಇಷ್ಟೆಲ್ಲ ಮಾಡಿದೆ, ಈಗ ನೀವು ಕೊಳ್ಳಿ" ಅಂದ ಹಾಗೆ?

ಹಳೇಸರ್ವರ್

ಒಳ್ಳೇ ಪ್ರಶ್ನೆ. ನಾನು ಹೀಗೆ ನೋಡುತ್ತೇನೆ. ದಿನಾ ಬ್ಯಾಕಪ್ ಕೊಡುತ್ತೇನೆ ಅಂತ ಒಪ್ಪಂದದಲ್ಲಿ ಬರೆದಿದ್ದೀರಿ. ಆ ಬ್ಯಾಕಪ್ ಕೆಲಸಕ್ಕೆ ಬರುತ್ತದೆ ಅಂತ ಒಮ್ಮೆಯಾದರೂ ನೋಡುವುದು ನಿಮ್ಮದೇ ಜವಾಬ್ದಾರಿ. ಕ್ಲೈಂಟಿಗೆ ಮಾಡುವ ಉಪಕಾರ ಅಲ್ಲ. ಪ್ರತಿ 3 ತಿಂಗಳಿಗೊಮ್ಮೆ ಮಾಡಿ ವರದಿ ಕೊಡುವುದು ಹೆಚ್ಚುವರಿ ಸೇವೆ.

ಮಾಡುವಾಗ ಖಾಲಿ ಜಾಗವೊಂದರಲ್ಲಿ ಸೈಟನ್ನು ಎಬ್ಬಿಸಿ. ಹುಡುಕಾಟದ ತಾಣಗಳಿಗೆ ಕಾಣದಂತೆ ಪಾಸ್‌ವರ್ಡ್ ಹಾಕಿ. ಮುಖಪುಟ ತೆರೆಯಿತು ಅಂತ ನಿಲ್ಲಿಸಬೇಡಿ. ಲಾಗಿನ್ ಆಗಿ, ಕೊನೆಯ ಅರ್ಜಿಯ ದಿನಾಂಕ ನೋಡಿ, ನಾಲ್ಕಾರು ಪಿಡಿಎಫ್ ತೆರೆದು ನೋಡಿ, ಫಾರಂ ತುಂಬಿ ಕಳಿಸಿ. ಫಾರಂ ಕಳಿಸುವ ಮೊದಲು ಮೇಲ್ ಹೋಗುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಸಂಸ್ಥೆಯವರಿಗೆ ನಿಜವಾದ ಅರ್ಜಿ ಬಂದ ಹಾಗೆ ಕಾಣುತ್ತದೆ.

ಸಾಮಾನ್ಯವಾಗಿ ಎಡವುವುದು ಎಲ್ಲಿ ಅಂದರೆ, ಡೇಟಾಬೇಸ್ ತೆಗೆಯುವ ಕೆಲಸ ಸಮಯ ಮೀರಿ ಅರ್ಧಕ್ಕೆ ನಿಂತಿರುತ್ತದೆ. ಫೈಲ್ ಇರುತ್ತದೆ, ಒಳಗೆ ಕೊನೆಯ ಟೇಬಲ್‌ಗಳು ಇರುವುದಿಲ್ಲ. ನಿನ್ನೆ 60 ಎಂಬಿ ಇದ್ದದ್ದು ಇವತ್ತು 22 ಎಂಬಿ ಆಗಿದ್ದರೆ ಅಲ್ಲೇ ಅನುಮಾನ ಪಡಿ. ಇನ್ನೊಂದು, ಅಪ್‌ಲೋಡ್ ಫೋಲ್ಡರನ್ನು ಯಾರೋ ಜಾಗ ಉಳಿಸಲು ಬ್ಯಾಕಪ್‌ನಿಂದ ಬಿಟ್ಟಿರುತ್ತಾರೆ.

ಇವೆಲ್ಲ ಸರಿ ಇದ್ದರೆ ಮೇಲ್‌ನಲ್ಲಿ "ಸರಿ ಇದೆ" ಅಂತ ಬರೆಯಿರಿ. ಅದು ನಿಮ್ಮ ಮಾರಾಟಕ್ಕೆ ವಿರುದ್ಧ ಅನಿಸಬಹುದು. ಆದರೆ ಸರಿ ಇರುವುದನ್ನು ಸರಿ ಇದೆ ಅನ್ನುವವರು ಮಿತಿಯನ್ನು ಹೇಳಿದಾಗಲೇ ಓದುವವರು ನಂಬುವುದು.

ಲೆಕ್ಕಪತ್ರ

ಒಂದು ಭಿನ್ನ ಅಭಿಪ್ರಾಯ. ಮಿತಿಯನ್ನು ತಿಳಿಸುವ ಮೇಲ್, ಸೇವೆ ಸೂಚಿಸುವ ಮೇಲ್ ಬೇರೆ ಬೇರೆ ಇರಲಿ. ಮೊದಲು ವಿಷಯ ಮಾತ್ರ ತಿಳಿಸಿ: ಪ್ರತಿಗಳು ಒಂದೇ ಕಡೆ ಇವೆ, ಅಷ್ಟೇ. ಒಂದೆರಡು ವಾರ ಬಿಟ್ಟು, ಅವರು ಕೇಳಿದರೆ ದರ ಹೇಳಿ. ಎರಡನ್ನೂ ಒಟ್ಟಿಗೆ ಬರೆದರೆ, ವಿಷಯ ಹೇಳಿದ್ದೇ ಮಾರಲು ಅಂತ ಆಗುತ್ತದೆ. ಬಿಲ್ ಜೊತೆಗಂತೂ ಕಳಿಸಲೇಬೇಡಿ. ಬಿಲ್ ಬಂದಾಗ ಜನ ಹಣ ಕಡಿಮೆ ಮಾಡುವ ಯೋಚನೆಯಲ್ಲಿರುತ್ತಾರೆ.

ಕಚೇರಿಕಿಟಕಿ

ನನಗೆ ಹಾಗನಿಸುವುದಿಲ್ಲ. "ಎಲ್ಲ ಪ್ರತಿಗಳೂ ಒಂದೇ ಕಡೆ ಇವೆ" ಅಂತ ಮಾತ್ರ ಬರೆದು ನಿಲ್ಲಿಸಿದರೆ ನಾನು ಏನು ಮಾಡಬೇಕು? ಚಿಂತೆ ಕೊಟ್ಟು ಎರಡು ವಾರ ಸುಮ್ಮನಿರುವುದೇ ಹೆಚ್ಚು ಒತ್ತಡ. ನಿರ್ದೇಶಕರಿಗೆ ಕಳಿಸಿದರೆ ಅವರ ಮೊದಲ ಪ್ರಶ್ನೆ "ಹಾಗಾದರೆ ಏನು ಮಾಡಬೇಕಂತೆ, ಎಷ್ಟಾಗುತ್ತದಂತೆ?" ನನ್ನ ಹತ್ತಿರ ಉತ್ತರ ಇರುವುದಿಲ್ಲ. ಒಂದೇ ಮೇಲ್‌ನಲ್ಲಿ ಇರಲಿ, ಆದರೆ ಯಾವುದು ಮಾಹಿತಿ, ಯಾವುದು ಸೂಚನೆ ಅಂತ ಬೇರೆ ಬೇರೆ ಕಾಣಲಿ.

ಲೆಕ್ಕಪತ್ರ

ನನ್ನ ಕ್ಲೈಂಟ್‌ಗಳಲ್ಲಿ ಬೇರೆ ಮೇಲ್ ಇಷ್ಟಪಡುವವರೇ ಜಾಸ್ತಿ. ಅವರವರ ಸ್ವಭಾವ ಇರಬಹುದು.

ಬೆಳಗಿನಪಾಳಿ

ಪರೀಕ್ಷೆ ಮಾಡಿದೆ. ಸೈಟ್ ಪೂರ್ತಿ ಮರಳಿ ಬಂತು, ಅರ್ಜಿಗಳು ಸರಿಯಾಗಿವೆ. ಸುಮಾರು ಎರಡು ಗಂಟೆ ಹಿಡಿಯಿತು. ಮೀಡಿಯಾ ಬುಟ್ಟಿಯೂ ಆಯಿತು, ಬ್ಯಾಕಪ್ ವೇಳಾಪಟ್ಟಿಯನ್ನೂ ಬದಲಿಸಿದೆ. ಇದು ಹೊಸ ಕರಡು. ಕಚೇರಿಕಿಟಕಿ ಅವರ ಮಾತಿನಂತೆ ಒಂದೇ ಮೇಲ್ ಮಾಡಿದ್ದೇನೆ.

"ನಮಸ್ಕಾರ ಮೇಡಂ,

ಹೋದ ತಿಂಗಳು ಪಠ್ಯಕ್ರಮದ ಪಿಡಿಎಫ್ ಅಳಿಸಿಹೋದಾಗ ಅದು ಬ್ಯಾಕಪ್‌ನಲ್ಲಿ ಸಿಗಲಿಲ್ಲ. ಅದಕ್ಕಾಗಿ ಎರಡು ಬದಲಾವಣೆ ಮಾಡಿದ್ದೇನೆ. ಅಳಿಸಿದ ಫೈಲ್‌ಗಳು ಇನ್ನು ಮುಂದೆ 30 ದಿನ ಕಸದ ಬುಟ್ಟಿಯಲ್ಲಿ ಉಳಿಯುತ್ತವೆ. ಬ್ಯಾಕಪ್ 7 ದಿನದ ಬದಲು ಸುಮಾರು ಒಂದು ತಿಂಗಳು ಇರುತ್ತದೆ. ಡೇಟಾಬೇಸ್ ದಿನಾ, ಫೈಲ್‌ಗಳು ವಾರಕ್ಕೊಮ್ಮೆ. ಬ್ಯಾಕಪ್‌ನಿಂದ ಸೈಟನ್ನು ಮರಳಿ ತಂದು ನೋಡಿದ್ದೇನೆ, ಸರಿಯಾಗಿ ಬಂತು. ಇದೆಲ್ಲ ಈಗಿನ ಒಪ್ಪಂದದಲ್ಲೇ ಸೇರಿದೆ.

ನಿಮಗೆ ತಿಳಿದಿರಬೇಕಾದ ಒಂದು ಮಿತಿ ಇದೆ. ಎಲ್ಲ ಬ್ಯಾಕಪ್‌ಗಳೂ ವೆಬ್‌ಸೈಟ್ ಇರುವ ಖಾತೆಯಲ್ಲೇ ಇವೆ. ಖಾತೆಯೇ ಕೈತಪ್ಪಿದರೆ, ಅಂದರೆ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕರೆ ಅಥವಾ ಹೋಸ್ಟಿಂಗ್ ಕಡೆ ದೊಡ್ಡ ತೊಂದರೆಯಾದರೆ, ಸೈಟ್ ಜೊತೆ ಬ್ಯಾಕಪ್ ಕೂಡ ಹೋಗಬಹುದು. ನಿಮ್ಮ ಸೈಟಿಗೆ ಇದುವರೆಗೆ ಹೀಗಾಗಿಲ್ಲ.

ಇದನ್ನು ಹೀಗೇ ಬಿಡಬಹುದು, ಈಗಿನ ಸೇವೆಯಲ್ಲಿ ಏನೂ ಬದಲಾಗುವುದಿಲ್ಲ. ಅಥವಾ ನಿಮ್ಮ ಕಚೇರಿಯವರೇ ವಾರಕ್ಕೊಮ್ಮೆ ಒಂದು ಪ್ರತಿ ಇಳಿಸಿಕೊಂಡು ಇಟ್ಟುಕೊಳ್ಳಬಹುದು, ಹೇಗೆ ಅಂತ ತೋರಿಸಿಕೊಡುತ್ತೇನೆ, ಅದಕ್ಕೆ ಹಣ ಇಲ್ಲ. ಅಥವಾ ನಾನೇ ಬೇರೆ ಜಾಗದಲ್ಲಿ ಪ್ರತಿ ಇಟ್ಟು, 3 ತಿಂಗಳಿಗೊಮ್ಮೆ ಮರಳಿ ತಂದು ನೋಡಿ ವರದಿ ಕೊಡಬಹುದು. ಅದರ ತಿಂಗಳ ದರ ಕೆಳಗಿದೆ. ಯಾವಾಗ ಬೇಕಾದರೂ ನಿಲ್ಲಿಸಬಹುದು. ದರಕ್ಕೆ ಗಡುವು ಇಲ್ಲ.

ನಿಮ್ಮ ಪ್ರವೇಶಾತಿ ಕೆಲಸ ಮುಗಿದ ಮೇಲೆ ನೋಡಿದರೂ ಸಾಕು."

ಮಾರುಕಟ್ಟೆಮಿತ್ರ

ಇದರಲ್ಲೂ ಮೂರೇ ಆಯ್ಕೆ ಇದೆ, ಅಲ್ವಾ? ಆದರೆ ಮೊದಲ ಎರಡರಿಂದ ನಿಮಗೆ ಒಂದು ಪೈಸೆಯೂ ಬರುವುದಿಲ್ಲ. ಇಷ್ಟು ಸುಲಭವಾಗಿ ಬೇಡ ಅನ್ನಲು ಬಿಟ್ಟರೆ ಬೇಡ ಅಂತಲೇ ಅನ್ನುತ್ತಾರೆ.

ಹಳೇಸರ್ವರ್

ಅನ್ನಲಿ. ಎರಡನೇ ದಾರಿ ನಿಜವಾಗಿಯೂ ಇದೆ, ಅವರಿಗೆ ಗೊತ್ತಿಲ್ಲ ಅಷ್ಟೇ. ಗೊತ್ತಿದ್ದೂ ಮುಚ್ಚಿಟ್ಟರೆ ಅದೇ ಒತ್ತಡ.

ಕರಡು ಚೆನ್ನಾಗಿದೆ. ಕೊನೆಯ ಸಾಲನ್ನು ಮಾತ್ರ ಬದಲಿಸುತ್ತಿದ್ದೆ. ಪ್ರವೇಶಾತಿ ಸಮಯದಲ್ಲೇ ಸೈಟಿಗೆ ಹೆಚ್ಚು ಜನ ಬರುವುದು, ಅರ್ಜಿಗಳು ಬರುವುದು. ತೊಂದರೆಯಾದರೆ ಹೆಚ್ಚು ಪೆಟ್ಟು ಬೀಳುವುದು ಆಗಲೇ. "ಮುಗಿದ ಮೇಲೆ ನೋಡಿದರೂ ಸಾಕು" ಅನ್ನುವುದು ಸೌಜನ್ಯ, ಆದರೆ ಸರಿಯಾದ ಮಾಹಿತಿ ಅಲ್ಲ. ಒತ್ತಡ ಬೇಡ ಅಂತ ನಿಜವನ್ನು ಮೆತ್ತಗೆ ಮಾಡಬಾರದು. "ಇದು ಹೆಚ್ಚು ಉಪಯೋಗಕ್ಕೆ ಬರುವುದು ಪ್ರವೇಶಾತಿಯ ತಿಂಗಳುಗಳಲ್ಲಿ. ತೀರ್ಮಾನ ಯಾವಾಗ ಅನ್ನುವುದು ನಿಮಗೆ ಬಿಟ್ಟದ್ದು" ಅಂತ ಬರೆದರೆ ಎರಡೂ ಬಂತು.

ಕಚೇರಿಕಿಟಕಿ

ಈ ಮೇಲ್ ನನಗೆ ಬಂದಿದ್ದರೆ ಒಂದಕ್ಷರ ಸೇರಿಸದೆ ಮುಂದಕ್ಕೆ ಕಳಿಸುತ್ತಿದ್ದೆ. ಒಂದೇ ಕೋರಿಕೆ: ಮತ್ತೆ ಯಾವಾಗ ಕೇಳುತ್ತೀರಿ ಅಂತಲೂ ಬರೆಯಿರಿ. "ಒಪ್ಪಂದ ನವೀಕರಣದ ಸಮಯದಲ್ಲಿ ಒಮ್ಮೆ ನೆನಪಿಸುತ್ತೇನೆ, ಅದಕ್ಕೆ ಮುಂಚೆ ಕೇಳುವುದಿಲ್ಲ" ಅಂತ. ಆಗ ಉತ್ತರ ಕೊಟ್ಟಿಲ್ಲವಲ್ಲ ಅನ್ನುವ ಭಾರ ನನಗೆ ಇರುವುದಿಲ್ಲ.

ಮಾರುಕಟ್ಟೆಮಿತ್ರ

ನವೀಕರಣ ಎಂಟು ತಿಂಗಳ ಆಚೆ ಇದ್ದರೆ? ಅಷ್ಟು ದಿನ ಸುಮ್ಮನಿರುವುದು ಸರಿಯೇ? ನಡುವೆ ಏನಾದರೂ ಆದರೆ "ಇನ್ನೊಮ್ಮೆ ಹೇಳಬಾರದಿತ್ತಾ" ಅಂತ ಅವರೇ ಕೇಳುತ್ತಾರೆ.

ಹಳೇಸರ್ವರ್

ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಪರಿಸ್ಥಿತಿ ಬದಲಾದರೆ, ಉದಾಹರಣೆಗೆ ಸೈಟಿನಲ್ಲಿ ಹಣ ಕಟ್ಟುವ ವ್ಯವಸ್ಥೆ ಸೇರಿಸಿದರೆ, ನಾನು ಮತ್ತೆ ಹೇಳುತ್ತೇನೆ. ಏನೂ ಬದಲಾಗದಿದ್ದರೆ ಹೇಳುವುದಿಲ್ಲ. ಹಾಗಂತ ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಇಲ್ಲ. ಮೇಲ್ ತಲುಪಿದೆಯೇ ಅಂತ ಒಂದು ಸಲ ಕೇಳುವುದು ನನ್ನ ಲೆಕ್ಕದಲ್ಲಿ ತಪ್ಪಲ್ಲ.

ಬೆಳಗಿನಪಾಳಿ

ಉತ್ತರ ಬಂತು. ನಿರ್ದೇಶಕರು ಓದಿ, "ಈ ವರ್ಷ ತಿಂಗಳ ಖರ್ಚು ಹೆಚ್ಚಿಸುವುದು ಬೇಡ, ನಾವೇ ವಾರಕ್ಕೊಮ್ಮೆ ಪ್ರತಿ ಇಟ್ಟುಕೊಳ್ಳುತ್ತೇವೆ. ವರ್ಷಕ್ಕೆ ಒಂದು ಸಲ, ಪ್ರವೇಶಾತಿಗೆ ಮುಂಚೆ, ಮರಳಿ ತರುವ ಪರೀಕ್ಷೆ ಮಾತ್ರ ನೀವು ಮಾಡಿಕೊಡಿ, ಅದಕ್ಕೆ ಎಷ್ಟು ಹೇಳಿ" ಅಂತ ಬರೆದಿದ್ದಾರೆ. ನಾನು ಇಟ್ಟ ಆಯ್ಕೆಗಳಲ್ಲಿ ಇದು ಇರಲೇ ಇಲ್ಲ. ಎರಡು ಗಂಟೆಯ ದರ ಹೇಳಿದೆ, ಒಪ್ಪಿದರು. ನನಗೆ ನಿಜವಾಗಿ ಸಂತೋಷವಾಯಿತು.

ಈಗ ಒಂದು ಅನುಮಾನ. ವಾರದ ಪ್ರತಿಯನ್ನು ಅವರ ಕಚೇರಿಯ ಕಂಪ್ಯೂಟರಿನಲ್ಲಿ ಹಾಗೇ ಇಡುವುದು ಸರಿಯಾ? ಅದರಲ್ಲಿ ಅರ್ಜಿದಾರರ ಫೋನ್ ನಂಬರ್, ವಿಳಾಸ ಎಲ್ಲ ಇದೆ.

ಹಳೇಸರ್ವರ್

ಹಾಗೇ ಇಡಬೇಡಿ. ಎನ್‌ಕ್ರಿಪ್ಟ್ ಮಾಡಿಯೇ ಕೊಡಿ. ಪಾಸ್‌ವರ್ಡ್ ಆ ಕಂಪ್ಯೂಟರಿನಲ್ಲಿ ಇರಬಾರದು, ಒಬ್ಬರ ಹತ್ತಿರ ಮಾತ್ರವೂ ಇರಬಾರದು. ಅವರು ಕೆಲಸ ಬಿಟ್ಟರೆ ಪ್ರತಿ ಇದ್ದೂ ಉಪಯೋಗವಿಲ್ಲ. ವರ್ಷದ ಪರೀಕ್ಷೆಯನ್ನು ನಿಮ್ಮ ಬ್ಯಾಕಪ್‌ನಿಂದ ಮಾಡಬೇಡಿ, ಅವರು ಇಟ್ಟುಕೊಂಡ ಪ್ರತಿಯಿಂದ ಮಾಡಿ. ವಾರಕ್ಕೊಮ್ಮೆ ಅಂದದ್ದು ನಿಜವಾಗಿ ನಡೆಯುತ್ತಿದೆಯೇ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ತುಂಬಾ ಕಡೆ ಮೂರನೇ ತಿಂಗಳಿಗೆ ನಿಂತುಹೋಗಿರುತ್ತದೆ.

ಲೆಕ್ಕಪತ್ರ

ಇನ್ನೊಂದು ವಿಷಯ ಬರೆದಿಟ್ಟುಕೊಳ್ಳಿ. ಖಾತೆ ಕೈತಪ್ಪಿ, ಅವರ ಪ್ರತಿಯಿಂದ ಸೈಟ್ ಮರಳಿ ಕಟ್ಟಬೇಕಾಗಿ ಬಂದರೆ, ಆ ಕೆಲಸ ತಿಂಗಳ 3 ಗಂಟೆಯಲ್ಲಿ ಬರುತ್ತದೆಯೇ, ಬೇರೆ ದರವೇ?

ಬೆಳಗಿನಪಾಳಿ

ಅದನ್ನು ಯೋಚಿಸಿರಲಿಲ್ಲ. ಬೇರೆ ದರ ಅಂತ ಆಗಬೇಕು, ಆದರೆ ಸೈಟ್ ಬಿದ್ದ ದಿನ ಆ ಮಾತು ಎತ್ತುವುದು ಚೆನ್ನಾಗಿರುವುದಿಲ್ಲ. ಈಗಲೇ ಒಪ್ಪಂದದಲ್ಲಿ ಒಂದು ಸಾಲು ಸೇರಿಸಲು ಕೇಳುತ್ತೇನೆ. ಗಂಟೆಯ ದರವೂ ಅದರಲ್ಲೇ ಇರಲಿ.

ಕಚೇರಿಕಿಟಕಿ

ಗಂಟೆಯ ದರದ ಜೊತೆ ಎಷ್ಟು ಗಂಟೆ ಹಿಡಿಯಬಹುದು ಅಂತಲೂ ಬರೆಯಿರಿ. ನಿರ್ದೇಶಕರು ಮೊದಲು ಕೇಳುವುದು ಅದನ್ನೇ.